ಹೈಪೋಗ್ಲೈಸೀಮಿಯಾ ಮತ್ತು ಹದಿನೈದರ ನಿಯಮ

ರಕ್ತದ ಗ್ಲೂಕೋಸ್ 70 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಇಳಿದರೆ ಅದು ಹೈಪೋಗ್ಲೈಸೀಮಿಯಾ. 54ಕ್ಕಿಂತ ಕೆಳಗಿಳಿದರೆ ಎರಡನೇ ಹಂತ. ಗೊಂದಲದಿಂದ ಇನ್ನೊಬ್ಬರ ನೆರವು ಬೇಕಾದರೆ, ಅಂಕಿ ಎಷ್ಟೇ ಇರಲಿ, ಮೂರನೇ ಹಂತ. ಬಹ್ರೇನ್‌ನಲ್ಲಿ ಗ್ಲೂಕೋಸನ್ನು ಸಾಮಾನ್ಯವಾಗಿ ಮಿಲಿಮೋಲ್/ಲೀಟರ್‌ನಲ್ಲಿ ಅಳೆಯುತ್ತಾರೆ. 18ರಿಂದ ಗುಣಿಸಿದರೆ ನಮ್ಮ ಊರಿನ ಅಂಕಿ ಸಿಗುತ್ತದೆ. 70 ಅಂದರೆ ಅಲ್ಲಿ 3.9.

ನಡುಕ, ಬೆವರು, ಎದೆಬಡಿತ, ಹಸಿವು ಮೊದಲ ಲಕ್ಷಣಗಳು. ಮಿದುಳಿಗೆ ಗ್ಲೂಕೋಸ್ ಸಾಲದಾದಾಗ ಮಾತು ತೊದಲುತ್ತದೆ, ಕಣ್ಣು ಮಂಜಾಗುತ್ತದೆ. ಮನಾಮದ ಬೇಸಿಗೆಯಲ್ಲಿ ಬೆವರನ್ನು ಸೆಕೆಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುವ ಅಪಾಯ ದೊಡ್ಡದು. ಆದ್ದರಿಂದ ಬೆರಳು ಚುಚ್ಚಿ ನೋಡಲೇಬೇಕು.

ಒಂದು ಕಲ್ಪಿತ ಉದಾಹರಣೆ: ರಂಜಾನ್ ಉಪವಾಸದಲ್ಲಿರುವ, ಇನ್ಸುಲಿನ್ ತೆಗೆದುಕೊಳ್ಳುವ ಭಟ್ಕಳದ ನೌಕರರೊಬ್ಬರಿಗೆ ಸಂಜೆ 4ಕ್ಕೆ 3.4 ಬಂತು, ಅಂದರೆ 61. ಇಫ್ತಾರ್‌ಗೆ ಕಾಯುವಂತಿಲ್ಲ, 70ಕ್ಕಿಂತ ಕಡಿಮೆಯಾದರೆ ಉಪವಾಸ ಮುರಿಯಬೇಕು ಎಂಬುದೇ ವೈದ್ಯರ ಮಾರ್ಗಸೂಚಿ. 15 ಗ್ರಾಂ ಬೇಗ ಕರಗುವ ಸಕ್ಕರೆಗಾಗಿ ಅರ್ಧ ಕಪ್ ಹಣ್ಣಿನ ರಸ ಅಥವಾ ನೀರಿನಲ್ಲಿ ಕಲಸಿದ 3 ಚಮಚ ಸಕ್ಕರೆ ಸಾಕು. 15 ನಿಮಿಷದ ನಂತರ 3.7 ತೋರಿದರೆ ಅಷ್ಟೇ ಪ್ರಮಾಣ ಮತ್ತೊಮ್ಮೆ. ಇನ್ನೂ 15 ನಿಮಿಷಕ್ಕೆ 4.6 ಆದರೆ ನಿಲ್ಲಿಸಿ, ಲಘು ಆಹಾರ ಕೊಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ.

ಪ್ರಜ್ಞೆ ತಪ್ಪಿದವರಿಗೆ ಈ ನಿಯಮ ಅನ್ವಯಿಸದು. ಬಾಯಿಗೆ ಏನೂ ಹಾಕದೆ, ಗ್ಲುಕಗಾನ್ ಇದ್ದರೆ ಕೊಟ್ಟು, ಬಹ್ರೇನ್‌ನಲ್ಲಿ 999ಕ್ಕೆ ಕರೆ ಮಾಡಬೇಕು.