ದುಡ್ಡು ಬರುವುದಕ್ಕೆ ಪಿನ್ ಯಾಕೆ?

ಎನ್. ಬೇಗೂರಿನಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ರೀಚಾರ್ಜು, ಜೆರಾಕ್ಸು, ಚೆಸ್ಕಾಂ ಬಿಲ್ಲು, ಅರ್ಜಿ ತುಂಬಿಕೊಡುವುದು, ಇಷ್ಟೇ ವ್ಯಾಪಾರ. ಆದರೆ ಫೋನಿನಲ್ಲಿ ಏನೇ ಎಡವಟ್ಟಾದರೂ ಸುತ್ತಲಿನ ಊರು, ಹಾಡಿಗಳ ಜನ ಮೊದಲು ಬರುವುದು ಇಲ್ಲಿಗೇ. ಬ್ಯಾಂಕಿಗೆ ಹೋಗಬೇಕಾದರೆ ಬಸ್ಸು ಹಿಡಿಯಬೇಕು, ಕೂಲಿ ಬಿಡಬೇಕು. ಹೀಗಾಗಿ ಕ್ಯಾಶ್‌ಬ್ಯಾಕ್ ಕಾರ್ಡು ಉಜ್ಜಿ, ಪಿನ್ ಒತ್ತಿ ದುಡ್ಡು ಕಳೆದುಕೊಂಡವರ ಫೋನುಗಳನ್ನು ಕೈಗೆತ್ತಿಕೊಂಡು ನೋಡುವ ಪ್ರಸಂಗ ನನಗೆ ಮತ್ತೆ ಮತ್ತೆ ಬಂದಿದೆ. ಅವುಗಳಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2025ರ ದೀಪಾವಳಿ ಹೊತ್ತಿನ ಒಂದು ಪ್ರಕರಣ ಹೇಳಿದರೆ ಉಳಿದವೆಲ್ಲ ಅರ್ಥವಾಗುತ್ತವೆ. ಪಕ್ಕದ ಬೀದಿಯ ಅಕ್ಕ ಒಬ್ಬರ ಖಾತೆಯಲ್ಲಿ ಗೃಹಲಕ್ಷ್ಮಿಯ ಎರಡು ಕಂತು, ಅದರ ಜೊತೆ ಹತ್ತಿ ಬಿಡಿಸಿದ ಕೂಲಿ ಇತ್ತು. ರಾತ್ರಿ ಮಗ ವಿಡಿಯೋ ನೋಡುತ್ತಿದ್ದಾಗ ಹಬ್ಬದ ಉಡುಗೊರೆ ಎಂಬ ಜಾಹೀರಾತು ಬಂದಿದೆ. ಒತ್ತಿದರೆ ನಮ್ಮ ಜನ ದಿನಾ ಬಳಸುವ ಪೇಮೆಂಟ್ ಆ್ಯಪಿನ ಬಣ್ಣದಲ್ಲೇ ಒಂದು ಪುಟ, ಅದರ ನಡುವೆ ಉಜ್ಜುವ ಕಾರ್ಡು. ಬೆರಳಾಡಿಸಿದರೆ ₹1,999 ಗೆದ್ದಿದ್ದೀರಿ ಎಂದು ಬಂತು. ಕೆಳಗೆ ‘ಬ್ಯಾಂಕ್ ಖಾತೆಗೆ ಹಾಕಿ’ ಎಂಬ ಗುಂಡಿ. ಅದನ್ನು ಒತ್ತಿದ ಕೂಡಲೇ ಫೋನಿನಲ್ಲಿದ್ದ ನಿಜವಾದ ಆ್ಯಪೇ ತೆರೆದುಕೊಂಡು ಪಿನ್ ಕೇಳಿತು. ಅಕ್ಕ ಪಿನ್ ಹೊಡೆದರು. ಸ್ವಲ್ಪ ಹೊತ್ತಿಗೆ ಅದೇ ಪುಟ, ದುಡ್ಡು ನಡುವೆ ಸಿಕ್ಕಿಕೊಂಡಿದೆ, ಇನ್ನೊಮ್ಮೆ ಒತ್ತಿ ಎಂದಿತು. ಇನ್ನೊಮ್ಮೆ ಒತ್ತಿದರು. ಎರಡು ಸಲ ₹1,999, ಒಟ್ಟು ₹3,998 ಹೋಯಿತು.

ಬೆಳಿಗ್ಗೆ ಅಂಗಡಿಗೆ ಬಂದ ಅಕ್ಕನನ್ನು, ದುಡ್ಡು ಬರುತ್ತದೆ ಅಂದ ಮೇಲೆ ಪಿನ್ ಯಾಕೆ ಹಾಕಿದಿರಿ ಎಂದು ಕೇಳಿದೆ. ಅವರು ಹೇಳಿದ ಉತ್ತರವನ್ನು ನಾನು ಮರೆಯುವುದಿಲ್ಲ. “ಗೃಹಲಕ್ಷ್ಮಿ ದುಡ್ಡು ಬಂದೈತಾ ಅಂತ ನೋಡೋಕೂ ಪಿನ್ನೇ ಅಲ್ವಾ ಹೊಡೆಯೋದು ಅಣ್ಣ? ಇದೂ ಹಂಗೇ ಅನ್ಕೊಂಡೆ.”

ದುರಾಸೆಗೆ ಬಿದ್ದು ಮೋಸಹೋದರು ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಅಕ್ಕನ ಮಾತಿನಲ್ಲಿ ಒಂದು ಲೆಕ್ಕಾಚಾರ ಇದೆ. ನಮ್ಮ ಕಡೆ ಬಹಳ ಮಂದಿ ಹೆಂಗಸರು ಫೋನಿನಲ್ಲಿ ಪಿನ್ ಹಾಕುವುದು ಬ್ಯಾಲೆನ್ಸ್ ನೋಡುವುದಕ್ಕೆ. ದುಡ್ಡು ಬಂತು ಎಂಬ ಮೆಸೇಜು ಕಂಡ ಮೇಲೆ ಪಿನ್ ಹೊಡೆದು ನೋಡುತ್ತಾರೆ, ಮೊತ್ತ ಏರಿರುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ದುಡ್ಡು ಬರುವುದಕ್ಕೂ ಪಿನ್ನಿಗೂ ನಂಟಿದೆ ಎಂದು ಮನಸ್ಸಿಗೆ ಕೂತುಬಿಡುತ್ತದೆ. ಮೋಸದ ಕಾರ್ಡು ಕೆಲಸ ಮಾಡುವುದು ಈ ನಂಬಿಕೆಯ ಮೇಲೆ.

ಆದ್ದರಿಂದ ‘ಪಿನ್ ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಕ್ಕ ಯಾರಿಗೂ ಪಿನ್ ಹೇಳಿರಲಿಲ್ಲ. ತಮ್ಮದೇ ಆ್ಯಪಿನಲ್ಲಿ, ತಮ್ಮ ಕೈಯಾರೆ, ಸರಿಯಾದ ಪುಟದಲ್ಲೇ ಹಾಕಿದ್ದರು. ಕಾರ್ಡು ಸುಳ್ಳು, ಪಿನ್ ಪುಟ ನಿಜ. ಇದು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ ಆ ಗುಂಡಿಯ ಹಿಂದೆ ಏನಿರುತ್ತದೆ ಎಂದು ನೋಡಬೇಕು. ಇಂಥ ಕೊಂಡಿ ಸುಮಾರಾಗಿ ಹೀಗಿರುತ್ತದೆ:

```
upi://pay?pa=xyz@bank&pn=Cashback&am=1999&cu=INR
```

`pay` ಎಂದರೆ ಪಾವತಿ ಮಾಡು. `pa` ಎಂಬುದು ದುಡ್ಡು ಯಾರಿಗೆ ಹೋಗಬೇಕೋ ಅವರ ಯುಪಿಐ ವಿಳಾಸ. `pn` ಅವರು ತಮಗೆ ತಾವೇ ಇಟ್ಟುಕೊಂಡ ಹೆಸರು, ಅಲ್ಲಿ ಏನನ್ನು ಬೇಕಾದರೂ ಬರೆಯಬಹುದು. `am` ಮೊತ್ತ. ಅಂಗಡಿಗಳಲ್ಲಿ ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡಿನ ಒಳಗೆ ಇರುವುದೂ ಇದೇ ಬಗೆಯ ಸಾಲು. ಉಜ್ಜಿದ ಕಾರ್ಡು ಬರೀ ಚಿತ್ರ. ಗುಂಡಿ ಒತ್ತಿದಾಗ ಆದದ್ದು, ಗುರುತು ಪರಿಚಯ ಇಲ್ಲದವರ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ₹1,999 ಎಂದು ಬರೆದಷ್ಟೇ ಕೆಲಸ. ನಿಮ್ಮ ಖಾತೆಗೆ ದುಡ್ಡು ತರುವಂಥದ್ದು ಆ ಸಾಲಿನಲ್ಲಿ ಒಂದಕ್ಷರವೂ ಇಲ್ಲ.

ಮೊದಲು ಈ ಮೋಸ ಬೇರೆ ದಾರಿಯಲ್ಲಿ ನಡೆಯುತ್ತಿತ್ತು. ಯುಪಿಐನಲ್ಲಿ ‘ಇವರಿಂದ ನನಗೆ ಇಷ್ಟು ದುಡ್ಡು ಬರಬೇಕು’ ಎಂದು ಕೋರಿಕೆ ಕಳಿಸುವ ಸೌಲಭ್ಯ ಇತ್ತು. ಅದನ್ನೇ ಬಹುಮಾನ ಎಂದು ನಂಬಿಸಿ ಪಿನ್ ಹಾಕಿಸುತ್ತಿದ್ದರು. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಈ ಕೋರಿಕೆಯನ್ನು 2025ರ ಅಕ್ಟೋಬರ್ ಆರಂಭದಿಂದ ನಿಲ್ಲಿಸಿತು. ಒಳ್ಳೆಯ ಕೆಲಸ. ಆದರೆ ಅಕ್ಕ ದುಡ್ಡು ಕಳೆದುಕೊಂಡದ್ದು ಅದಾದ ಮೇಲೆ. ಒಂದು ಬಾಗಿಲು ಮುಚ್ಚಿದರೂ ಕೊಂಡಿ, ಕ್ಯೂಆರ್ ಕೋಡುಗಳ ದಾರಿ ತೆರೆದೇ ಇದೆ.

ಹಾಗಾದರೆ ಕಂಡುಹಿಡಿಯುವುದು ಹೇಗೆ? ಪಿನ್ ಹಾಕುವ ಪುಟದಲ್ಲೇ ಗುರುತು ಇದೆ. ನಾವು ದುಡ್ಡು ಕಳಿಸುವಾಗ ಪಿನ್ನಿನ ಚೌಕಗಳ ಮೇಲೆ `To` ಎಂಬಲ್ಲಿ ಒಂದು ಹೆಸರು, `Sending` ಎಂಬಲ್ಲಿ ₹ ಗುರುತಿನ ಜೊತೆ ಮೊತ್ತ ಇರುತ್ತದೆ. ಬರೀ ಬ್ಯಾಲೆನ್ಸ್ ನೋಡುವಾಗ ಬರುವ ಪಿನ್ ಪುಟದಲ್ಲಿ ಮೊತ್ತ ಇರುವುದಿಲ್ಲ. ಆ್ಯಪನ್ನು ಕನ್ನಡಕ್ಕೆ ಬದಲಾಯಿಸಿಕೊಂಡಿದ್ದರೂ ನಾನು ನೋಡಿದ ಹಲವು ಫೋನುಗಳಲ್ಲಿ ಈ ಪುಟ ಇಂಗ್ಲಿಷಿನಲ್ಲೇ ಬರುತ್ತದೆ. ನಮ್ಮ ಜನರಿಗೆ ಆ ಪದಗಳನ್ನು ಓದಲು ಬಾರದಿರಬಹುದು, ಆದರೆ ಅಂಕಿ ಗೊತ್ತಿಲ್ಲದವರು ಕಡಿಮೆ. ಅದಕ್ಕೇ ನಾನೀಗ ಹೇಳಿಕೊಡುವುದು ಒಂದೇ ಮಾತು: ಪಿನ್ ಕೇಳುವ ಪುಟದಲ್ಲಿ ರೂಪಾಯಿ ಗುರುತೂ ಮೊತ್ತವೂ ಕಂಡರೆ, ಅಷ್ಟು ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತದೆ. ಓದು ಬಾರದ ಹಾಡಿಯ ಅಜ್ಜಿಯೂ ಇದನ್ನು ನೋಡಿ ತಿಳಿದುಕೊಂಡಿದ್ದಾರೆ.

ಹೆಸರೂ ಒಂದು ಗುರುತು. 2025ರ ಜೂನ್ ಕೊನೆಯಿಂದ, ದುಡ್ಡು ಪಡೆಯುವವರ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೇ ಆ್ಯಪುಗಳು ತೋರಿಸಬೇಕು ಎಂದು ಎನ್‌ಪಿಸಿಐ ನಿಯಮ ಮಾಡಿದೆ. ಅಕ್ಕನ ಫೋನಿನ ಪಾವತಿ ಪಟ್ಟಿ ತೆರೆದಾಗ ಎರಡೂ ಕಡೆ ಕಂಡದ್ದು ಯಾರೋ ಒಬ್ಬ ವ್ಯಕ್ತಿಯ ಹೆಸರು. ಕ್ಯಾಶ್‌ಬ್ಯಾಕ್ ಕೊಡುವ ಕಂಪನಿಯ ಜಾಗದಲ್ಲಿ ಒಬ್ಬ ಆಸಾಮಿಯ ಹೆಸರು ಬಂದರೆ ಅಲ್ಲಿಗೇ ಕೈ ಬಿಡಬೇಕು.

ನಿಜವಾದ ಕ್ಯಾಶ್‌ಬ್ಯಾಕ್ ಬರುವ ರೀತಿ ಬೇರೆ. ನೀವು ಮೊದಲು ಆ ಆ್ಯಪಿನಲ್ಲೇ ಏನಾದರೂ ಪಾವತಿ ಮಾಡಿರುತ್ತೀರಿ. ಕಾರ್ಡು ಆ ಆ್ಯಪಿನ ಒಳಗೆ, ಬಹುಮಾನಗಳ ವಿಭಾಗದಲ್ಲಿ ಇರುತ್ತದೆ. ಉಜ್ಜಿದರೆ ದುಡ್ಡು ತಾನಾಗಿ ಜಮೆ ಆಗುತ್ತದೆ, ಇಲ್ಲವೇ ಯಾವುದೋ ರಿಯಾಯಿತಿಯ ಕೂಪನ್ ಸಿಗುತ್ತದೆ. ಪಡೆಯುವುದಕ್ಕೆ ಪಿನ್ ಕೇಳುವುದಿಲ್ಲ. ಹೊರಗಿನ ಜಾಹೀರಾತಿನಲ್ಲೋ ವಾಟ್ಸ್ಆ್ಯಪ್ ಕೊಂಡಿಯಲ್ಲೋ ಬಂದ ಕಾರ್ಡನ್ನು ಉಜ್ಜದೇ ಬಿಟ್ಟರೆ ನಷ್ಟ ಏನೂ ಇಲ್ಲ.

ಮಾತಿನಲ್ಲಿ ಹೇಳಿದರೆ ತಲೆಯಾಡಿಸಿ ಹೋಗುತ್ತಾರೆ, ಆದ್ದರಿಂದ ಅಂಗಡಿಯಲ್ಲಿ ಮಾಡಿ ತೋರಿಸುತ್ತೇನೆ. ಅವರ ಫೋನನ್ನು ಸ್ವಿಚ್ ಆಫ್ ಮಾಡಿಸಿ, ನನ್ನ ಫೋನಿನಿಂದ ಅವರಿಗೆ ₹1 ಕಳಿಸುತ್ತೇನೆ. ನನ್ನ ಪಿನ್ ಪುಟದಲ್ಲಿ ಅವರ ಹೆಸರು, ₹1 ಎಂಬ ಮೊತ್ತ ಇರುವುದನ್ನು ಬೆರಳಿಟ್ಟು ತೋರಿಸುತ್ತೇನೆ. ಆಮೇಲೆ ಅವರ ಫೋನ್ ಆನ್ ಮಾಡಿಸಿ ಪಾವತಿ ಪಟ್ಟಿ ತೆರೆಸಿದರೆ ಆ ರೂಪಾಯಿ ಬಂದು ಕೂತಿರುತ್ತದೆ. ಫೋನು ಆಫ್ ಇದ್ದರೂ ದುಡ್ಡು ಬಂತು, ನಿಮ್ಮ ಪಿನ್ ಯಾರೂ ಕೇಳಲಿಲ್ಲ ಎಂದರೆ ಮುಖದ ಮೇಲೆ ಅರ್ಥವಾದದ್ದು ಕಾಣುತ್ತದೆ. ಗೃಹಲಕ್ಷ್ಮಿ ದುಡ್ಡೂ ಡೈರಿಯ ಹಾಲಿನ ದುಡ್ಡೂ ಬರುವುದು ಹೀಗೇ ಎಂದು ಅವರೇ ಹೇಳುತ್ತಾರೆ.

ದುಡ್ಡು ಹೋದ ಮೇಲೆ ಮಾಡಬೇಕಾದದ್ದೂ ಇದೆ, ಅದರಲ್ಲಿ ಹೊತ್ತೇ ಮುಖ್ಯ. ಅಕ್ಕನನ್ನು ಕೂರಿಸಿಕೊಂಡು 1930ಕ್ಕೆ ಕರೆ ಮಾಡಿದೆವು. ಇದು ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ. ಹೆಸರು, ಫೋನ್ ನಂಬರು, ಬ್ಯಾಂಕು, ಖಾತೆ ಸಂಖ್ಯೆ, ದುಡ್ಡು ಹೋದ ದಿನ ಮತ್ತು ಗಂಟೆ, ಮೊತ್ತ, ಇವೆಲ್ಲ ಕೇಳುತ್ತಾರೆ. ಮುಖ್ಯವಾಗಿ ಬೇಕಾದದ್ದು ಯುಟಿಆರ್ ಎಂಬ 12 ಅಂಕಿಯ ಸಂಖ್ಯೆ. ಆ್ಯಪಿನಲ್ಲಿ ಆ ಪಾವತಿಯನ್ನು ತೆರೆದರೆ ಸಿಗುತ್ತದೆ. ಎರಡು ಸಲ ಹೋಗಿದ್ದರೆ ಎರಡು ಸಂಖ್ಯೆ ಕೊಡಬೇಕು. ಕರೆ ಸಿಗದಿದ್ದರೆ `cybercrime.gov.in` ತಾಣದಲ್ಲಿ ದೂರು ದಾಖಲಿಸಬಹುದು. ಆ ಮೇಲೆ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಕೊಡಬೇಕು. ದುಡ್ಡು ತಲುಪಿದ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ಆ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ. ಅಕ್ಕನ ಎರಡನೇ ಪಾವತಿ ಹಾಗೆ ತಡೆಯಲ್ಲಿ ಸಿಕ್ಕಿತು. ಮೊದಲನೆಯದು ರಾತ್ರಿಯೇ ಬೇರೆ ಖಾತೆಗೆ ದಾಟಿಹೋಗಿತ್ತು. ರಾತ್ರಿಯೇ ಕರೆ ಮಾಡಿದ್ದರೆ ಅದೂ ಸಿಗುವ ಸಾಧ್ಯತೆ ಇತ್ತು.

ಬ್ಯಾಂಕೇ ನಷ್ಟ ತುಂಬಿಕೊಡುತ್ತದೆ ಎಂದು ನಂಬಿ ಸುಮ್ಮನಿರಬಾರದು. ಗ್ರಾಹಕನ ಹೊಣೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕನ ಅಜಾಗರೂಕತೆಯಿಂದ ಹೋದ ದುಡ್ಡಿಗೆ, ಅವನು ಬ್ಯಾಂಕಿಗೆ ತಿಳಿಸುವ ತನಕ ಅವನೇ ಹೊಣೆ ಎಂದಿತ್ತು. ತಿಳಿಸಿದ ಮೇಲೆ ಹೋದದ್ದಕ್ಕೆ ಬ್ಯಾಂಕು ಹೊಣೆ ಎಂದೂ ಹೇಳಿತ್ತು. ಪಿನ್ ನೀವೇ ಹಾಕಿದ್ದೀರಿ ಎಂದರೆ ವಾದ ಮಾಡುವುದು ಕಷ್ಟ. ಆದ್ದರಿಂದ ನಾಚಿಕೊಂಡು ಬೆಳಗಾಗಲಿ ಎಂದು ಕಾಯುವ ಪ್ರತಿ ಗಂಟೆಯೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.

ಇನ್ನೂ ಒಂದು ವಿಷಯ ನೋಡಿಕೊಳ್ಳಬೇಕು. ಕೆಲವು ಕೊಂಡಿಗಳು ಒಂದು ಸಲದ ಪಾವತಿಯ ಬದಲು ಆಟೋಪೇಗೆ ಒಪ್ಪಿಗೆ ಪಡೆಯುತ್ತವೆ. ಅದಕ್ಕೆ ಒಮ್ಮೆ ಪಿನ್ ಹಾಕಿದರೆ ಮುಂದಿನ ಕಂತುಗಳು ₹15,000ದ ಒಳಗಿದ್ದರೆ ಮತ್ತೆ ಪಿನ್ ಕೇಳದೆ ಕಡಿತವಾಗಬಹುದು. ಹೀಗಾಗಿ ಯಾರದೇ ಫೋನು ಕೈಗೆ ಬಂದರೂ ಆ್ಯಪಿನ ಆಟೋಪೇ ಪಟ್ಟಿ ತೆರೆದು, ಗೊತ್ತಿಲ್ಲದ್ದು ಇದ್ದರೆ ರದ್ದು ಮಾಡಿಸಿಯೇ ಕಳಿಸುತ್ತೇನೆ. ಪಿನ್ನಿನ ಬದಲು ಬೆರಳಚ್ಚು, ಮುಖ ತೋರಿಸಿ ಪಾವತಿ ಮಾಡುವ ವ್ಯವಸ್ಥೆಯೂ ಈಗ ಬಂದಿದೆ. ನಾಳೆ ಮೋಸದ ಕಾರ್ಡು ಪಿನ್ ಬಿಟ್ಟು ‘ಬೆರಳು ಒತ್ತಿ’ ಎನ್ನಬಹುದು. ಆಗಲೂ ನೋಡಬೇಕಾದದ್ದು ಅದೇ ಎರಡು: ಯಾರ ಹೆಸರು ಇದೆ, ಎಷ್ಟು ಮೊತ್ತ ಇದೆ.