ಎದೆ ನೋವಿಗೆ ಸೋಡಾ ಸಾಲದು

ಅವತ್ತು ನಾವು ಕಲಿಕಾ ಕೇಂದ್ರದ ಹೆಣ್ಣುಮಕ್ಕಳೆಲ್ಲ ಸೇಡಂ ಹತ್ತಿರದ ಒಂದು ಹೈಸ್ಕೂಲಿಗೆ ಹೋಗಿದ್ದೆವು. ಆರೋಗ್ಯದ ಪಾಠ ಮಾಡುವ ಟೀಚರು ಒಂಬತ್ತು, ಹತ್ತನೇ ಇಯತ್ತೆ ಮಕ್ಕಳಿಗೆ ಹೃದಯದ ಬಗ್ಗೆ ಹೇಳುವವರಿದ್ದರು. ನಾವು ಹಿಂದಿನ ಸಾಲಿನಲ್ಲಿ ಕುಳಿತೆವು.

ಟೀಚರು ಮೊದಲು ಒಂದು ಪ್ರಶ್ನೆ ಕೇಳಿದರು.

"ಮನ್ಯಾಗ ಯಾರಿಗರ ಎದಿ ನೋಯ್ತದ ಅಂದ್ರ ಏನ್ ಮಾಡ್ತೀರಿ?"

"ಗ್ಯಾಸ್ ಆಗ್ಯದ ಅಂತ ಸೋಡಾ ಕುಡಸ್ತೀವ್ರೀ," ಅಂದ ಒಬ್ಬ ಹುಡುಗ. ಮಕ್ಕಳು ನಕ್ಕರು. ನಾವು ನಗಲಿಲ್ಲ. ನಮ್ಮ ಮನೆಗಳಲ್ಲೂ ಅದನ್ನೇ ಮಾಡುತ್ತೇವೆ.

ಟೀಚರು ಅಂದರು: "ಒಂದು ಮನಿ ಇದೆ ಅನ್ಕೊಳ್ರಿ. ಐವತ್ತು ದಾಟಿದ ತಾಯಿ. ರಾತ್ರಿ ಒಂಬತ್ತಕ್ಕ ಎದಿ ಮ್ಯಾಲ ಕಲ್ಲು ಇಟ್ಟಂಗ ಆಯ್ತು. ಎಡಗೈ ಜಗ್ಗಿತು. ಮೈಯೆಲ್ಲ ತಣ್ಣನ ಬೆವರು. ಸೊಸಿ ಸೋಡಾ ಕೊಟ್ಟಳು, ಓಂಕಾಳು ಕೊಟ್ಟಳು. ತಾಯಿ ವಾಂತಿ ಮಾಡಿಕೊಂಡು ಮಲಗಿದಳು. ಬೆಳಗಿನ ಐದಕ್ಕ ಉಸಿರು ಹತ್ತಿತು. ಆಸ್ಪತ್ರಿ ಮುಟ್ಟಿದಾಗ ಏಳು. ಹತ್ತು ತಾಸು ಹೋದವು."

ಆ ಹತ್ತು ತಾಸಿನಲ್ಲಿ ಒಳಗೆ ಏನಾಯಿತು? ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡ ಮಾಂಸದ ಪಂಪು. ಅದಕ್ಕೂ ರಕ್ತ ಬೇಕು. ಆ ರಕ್ತ ತರುವ ಸಣ್ಣ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಆಚೆ ಇರುವ ಮಾಂಸ ರಕ್ತವಿಲ್ಲದೆ ಸ್ವಲ್ಪ ಸ್ವಲ್ಪವಾಗಿ ಸಾಯುತ್ತದೆ. ಸತ್ತ ಮಾಂಸ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಟೀಚರು ತಾಸು ಎಣಿಸಿದ್ದು.

"ಗ್ಯಾಸೋ, ಹಾರ್ಟೋ ಹ್ಯಾಂಗ್ ಗೊತ್ತಾಗ್ತದ್ರೀ?" ಅಂತ ನಮ್ಮಲ್ಲಿ ಒಬ್ಬರು ಕೇಳಿದರು.

"ಮನ್ಯಾಗ ಕುಂತು ಗೊತ್ತಾಗೂದಿಲ್ಲ ಅಕ್ಕಾ. ಇಸಿಜಿ ತೆಗದು ನೋಡಬೇಕು. ಒಮ್ಮೊಮ್ಮೆ ಮೊದಲ ಇಸಿಜಿ ಸರಿ ಬಂದ್ರೂ, ಸ್ವಲ್ಪ ಹೊತ್ತಿಗೆ ಮತ್ತ ತೆಗಿತಾರ."

ಎದೆ ಬಿಗಿತ ಹದಿನೈದು ನಿಮಿಷವಾದರೂ ಹೋಗದಿದ್ದರೆ ಕಾಯಬಾರದು. ನೋವು ದವಡೆಗೆ, ಬೆನ್ನಿಗೆ, ತೋಳಿಗೆ ಹರಡಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಎದೆ ನೋವು ಅಷ್ಟು ಇರುವುದೇ ಇಲ್ಲ. ಬರೀ ದಮ್ಮು, ವಾಕರಿಕೆ, ಬೆವರು, ಎಂದೂ ಇಲ್ಲದ ಸುಸ್ತು. ಸಕ್ಕರೆ ರೋಗ ಇದ್ದವರಿಗೂ ಹೀಗೇ ಆಗಬಹುದು. ಮನೆಯವರು "ಕೆಲಸ ಹೆಚ್ಚಾಗ್ಯದ, ಮಲಕೋ" ಅನ್ನುತ್ತಾರೆ. ನಾವೂ ಮಲಗುತ್ತೇವೆ!

ಹಾಗಾದಾಗ 108ಕ್ಕೆ ಫೋನು ಮಾಡಿ. ರೋಗಿಯನ್ನು ನಡೆಸಬೇಡಿ. ಒರಗಿಸಿ ಕೂಡಿಸಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ.

ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಅದರ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಆರಂಭವಾಯಿತು. ಆದರೆ ಚಿಂಚೋಳಿಯಿಂದ ಅಲ್ಲಿಗೆ ಸುಮಾರು ಎರಡು ತಾಸಿನ ದಾರಿ. ಚಿತ್ತಾಪುರ, ವಾಡಿ, ಶಹಾಬಾದದವರಿಗೆ ಹತ್ತಿರ, ಆದರೂ ರಾತ್ರಿ ಗಾಡಿ ಸಿಗಬೇಕಲ್ಲ. ಈ ದೂರಕ್ಕಾಗಿಯೇ ಸರ್ಕಾರ 2024ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿತು. ನಟ ಪುನೀತ್ 2021ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಈ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ಡಾಕ್ಟರನ್ನು ಕೇಳಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಹಣ ಕೊಡಬೇಕಿಲ್ಲ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಅದು ಇದೆಯೇ ಅಂತ ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿಟ್ಟುಕೊಳ್ಳಿ.

ಇಂಜೆಕ್ಷನ್ ಮೊದಲ ಎರಡು ಮೂರು ತಾಸಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಹನ್ನೆರಡು ತಾಸು ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಎಲ್ಲರಿಗೂ ಕೊಡಲು ಬರುವುದಿಲ್ಲ. ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ, ಈಚೆಗೆ ದೊಡ್ಡ ಆಪರೇಷನ್ ಆದವರಿಗೆ ಅಪಾಯ. ಅದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು. ಇಂಜೆಕ್ಷನ್ ಆದ ಮೇಲೂ ನಾಳದ ತಪಾಸಣೆಗೆ ದೊಡ್ಡ ಆಸ್ಪತ್ರೆಗೆ ಹೋಗಲೇಬೇಕು.

ಆಮೇಲೆ ಟೀಚರು ಮಕ್ಕಳ ಕಡೆ ತಿರುಗಿದರು. "ಓಡುವಾಗ ತಲಿ ತಿರುಗಿ ಬಿದ್ರ ಮುಚ್ಚಿಡಬ್ಯಾಡ್ರಿ. ಗಂಟಲು ನೋವು ಬಂದು, ಕೆಲ ವಾರಕ್ಕ ಮೊಣಕಾಲು ಬಾತು ಜ್ವರ ಬಂದ್ರ ಡಾಕ್ಟರಿಗೆ ತೋರಸ್ರಿ. ಆ ರೋಗ ಹೃದಯದ ಕವಾಟ ಕೆಡಸ್ತದ."

ಗುಟ್ಕಾ ಚೀಟಿ ಯಾರ ಕಿಸೆಯಲ್ಲಿದೆ ಅಂತ ಕೇಳಿದಾಗ ಹುಡುಗರು ಕೆಳಗೆ ನೋಡಿದರು. ತಂಬಾಕು ರಕ್ತನಾಳ ಕುಗ್ಗಿಸುತ್ತದೆ. ಹಲ್ಲಿಗೆ ಉಜ್ಜುವ ಮಿಶ್ರಿಯಲ್ಲಿರುವುದೂ ತಂಬಾಕೇ. ಆಗ ಕೆಳಗೆ ನೋಡುವ ಸರದಿ ನಮ್ಮದಾಯಿತು.

ಕೊನೆಗೆ ಉಪ್ಪಿನ ಲೆಕ್ಕ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಅದಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಬಿಪಿ ಏರುತ್ತದೆ, ಏರಿದ್ದು ಗೊತ್ತಾಗುವುದಿಲ್ಲ. ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ. ಹಾಗಾದರೆ ಒಂದು ಕಿಲೋ ಪಾಕೀಟು 40 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಅದರಲ್ಲೇ ಸೇರಿತು.

ಮನೆಗೆ ಬಂದು ನಾವು ಪಾಕೀಟಿನ ಮೇಲೆ ಒಡೆದ ತಾರೀಕು ಬರೆದೆವು. ನಮ್ಮಲ್ಲಿ ಒಬ್ಬರ ಪಾಕೀಟು ಹತ್ತೊಂಬತ್ತನೇ ದಿನಕ್ಕೆ ಖಾಲಿಯಾಯಿತು. ಅವರ ಮನೆಯಲ್ಲಿ ಇರುವವರು ನಾಲ್ಕೇ ಜನ.