ಖರ್ಚು ದುಪ್ಪಟ್ಟು ಮಾಡಿ ನೋಡು: ಇಂಟ್ರಾಡೇ ಸಿಸ್ಟಂ ಬರೆದವನಿಗೆ ಕಿವಿಮಾತು

ಅಕ್ಕನ ಮಗ ಒಂದು ಇಂಟ್ರಾಡೇ ಸಿಸ್ಟಂ ಬರೆದಿದ್ದಾನೆ. ದಿನಕ್ಕೆ ಆರು ಟ್ರೇಡ್, ವರ್ಷಕ್ಕೆ ಸುಮಾರು 1,500. ಬ್ಯಾಕ್‌ಟೆಸ್ಟ್‌ನಲ್ಲಿ ಖರ್ಚು ಕಳೆದು ಲಕ್ಷ ರೂಪಾಯಿಗೂ ಮೇಲೆ ಲಾಭ ಕಾಣುತ್ತಿದೆ. ‘ಮಾಮ, ದುಡ್ಡು ಹಾಕಲಾ?’ ಎಂದು ಕೇಳಿದ. ಮೊದಲು ಖರ್ಚನ್ನು ಎರಡರಷ್ಟು ಮಾಡಿ ಇನ್ನೊಮ್ಮೆ ಓಡಿಸು ಎಂದೆ. ಏಕೆ, ಹೇಗೆ ಎಂದು ಅವನಿಗೆ ಬರೆದುಕೊಟ್ಟದ್ದು ಇದು.

- ಒಂದೇ ಟ್ರೇಡಿನ ಖರ್ಚನ್ನು ರೂಪಾಯಿಯಲ್ಲಿ ಬರೆದುಕೋ. ಶೇಕಡಾ ಲೆಕ್ಕದಲ್ಲಿ ಎಲ್ಲವೂ ಚಿಕ್ಕದಾಗಿಯೇ ಕಾಣುತ್ತದೆ. 500 ರೂಪಾಯಿಯ ಶೇರು 400 ತೆಗೆದುಕೊಂಡು ಅದೇ ದಿನ ಮಾರಿದೆ ಎಂದಿಟ್ಟುಕೋ. ಅಂದರೆ ಎರಡು ಲಕ್ಷದ ವ್ಯವಹಾರ. ಆರ್ಡರ್‌ಗೆ 20 ರೂಪಾಯಿಯಂತೆ ಬ್ರೋಕರೇಜ್ 40. ಮಾರುವಾಗ ಎಸ್‌ಟಿಟಿ 0.025%, ಅದು 50. ಕೊಳ್ಳುವಾಗ ಸ್ಟ್ಯಾಂಪ್ ಡ್ಯೂಟಿ 0.003%, ಅದು 6. ಎಕ್ಸ್‌ಚೇಂಜ್ ಶುಲ್ಕ ಎರಡೂ ಕಡೆ ಸೇರಿ ಸುಮಾರು 12. ಬ್ರೋಕರೇಜ್ ಮತ್ತು ಶುಲ್ಕದ ಮೇಲೆ 18% ಜಿಎಸ್‌ಟಿ, ಒಂಬತ್ತು ರೂಪಾಯಿ ಚಿಲ್ಲರೆ. ಸೆಬಿ ಶುಲ್ಕದ ಪೈಸೆಗಳೂ ಸೇರಿ ಒಟ್ಟು 118 ರೂಪಾಯಿ. ಇಷ್ಟು ಕಾಂಟ್ರಾಕ್ಟ್ ನೋಟ್‌ನಲ್ಲಿ ಅಚ್ಚಾಗಿ ಬರುತ್ತದೆ, ಇದರಲ್ಲಿ ಊಹೆಯಿಲ್ಲ.

- ಊಹೆ ಇರುವುದು ಸ್ಲಿಪೇಜ್‌ನಲ್ಲಿ. ನೀನು ಅಂದುಕೊಂಡ ಬೆಲೆಗೂ ಸಿಕ್ಕ ಬೆಲೆಗೂ ಇರುವ ಅಂತರವನ್ನು ಯಾವ ನೋಟೂ ತೋರಿಸುವುದಿಲ್ಲ. ನೀನು ಪ್ರತಿ ಕಡೆಗೆ ಒಂದು ಟಿಕ್, ಅಂದರೆ 5 ಪೈಸೆ ಹಿಡಿದಿದ್ದೀಯ. 400 ಶೇರಿಗೆ ಎರಡೂ ಕಡೆ ಸೇರಿ 40 ರೂಪಾಯಿ. ಹಾಗಾಗಿ ಒಂದು ಟ್ರೇಡಿಗೆ ನಿನ್ನ ಒಟ್ಟು ಖರ್ಚು 158.

- ಈಗ ದುಪ್ಪಟ್ಟು ಮಾಡು. ಖರ್ಚು ಕಳೆಯುವ ಮೊದಲು ನಿನ್ನ ಸಿಸ್ಟಂ ಟ್ರೇಡಿಗೆ ಸರಾಸರಿ 230 ರೂಪಾಯಿ ಗಳಿಸುತ್ತದೆ. 158 ಕಳೆದರೆ 72 ಉಳಿಯುತ್ತದೆ. 1,500 ಟ್ರೇಡಿಗೆ 1,08,000 ಲಾಭ. ಖರ್ಚು 316 ಆದರೆ ಪ್ರತಿ ಟ್ರೇಡಿಗೂ 86 ರೂಪಾಯಿ ಕೈಯಿಂದ ಹೋಗುತ್ತದೆ. ವರ್ಷಕ್ಕೆ 1,29,000 ನಷ್ಟ. ಸಿಗ್ನಲ್ ಬದಲಾಗಿಲ್ಲ, ಚಾರ್ಟ್ ಬದಲಾಗಿಲ್ಲ. 230ನ್ನು 158ರಿಂದ ಭಾಗಿಸಿದರೆ 1.46 ಬರುತ್ತದೆ. ಖರ್ಚು ನಿನ್ನ ಅಂದಾಜಿನ ಒಂದೂವರೆ ಪಟ್ಟು ಮುಟ್ಟುವ ಮೊದಲೇ ಲಾಭ ಮುಗಿದಿರುತ್ತದೆ ಎಂದು ಅರ್ಥ.

- ಆ ದುಪ್ಪಟ್ಟನ್ನು ಪೈಸೆಗೆ ಇಳಿಸಿ ನೋಡು. ‘ತೆರಿಗೆ ಎಲ್ಲಿ ದುಪ್ಪಟ್ಟಾಗುತ್ತೆ ಮಾಮ?’ ಎಂದು ನೀನು ಕೇಳುತ್ತೀಯ, ಸರಿಯಾದ ಪ್ರಶ್ನೆ. (ದರ ಏರುವುದೇ ಇಲ್ಲ ಎಂದೂ ನಂಬಬೇಡ. 2024ರ ಅಕ್ಟೋಬರ್ 1ರಿಂದ ಫ್ಯೂಚರ್ಸ್ ಮಾರಾಟದ ಎಸ್‌ಟಿಟಿ 0.0125%ರಿಂದ 0.02%ಕ್ಕೆ ಹೋಯಿತು.) 118ನ್ನು ಹಾಗೇ ಬಿಟ್ಟು ಹೆಚ್ಚಿದ್ದನ್ನೆಲ್ಲ ಸ್ಲಿಪೇಜ್ ಮೇಲೆ ಹಾಕಿದರೆ, 316 ಎಂದರೆ ಪ್ರತಿ ಕಡೆಗೆ ಸುಮಾರು 25 ಪೈಸೆ, ಐದು ಟಿಕ್. ಅದು ತುಸು ಕಠಿಣ ಪರೀಕ್ಷೆಯೇ. ಆದರೆ ನಿನ್ನ ಲಾಭ ಸೊನ್ನೆಯಾಗುವ ಜಾಗ ಅಷ್ಟು ದೂರ ಇಲ್ಲ. 230ರಲ್ಲಿ 118 ಕಳೆದರೆ 112. ಅದನ್ನು ಎರಡು ಕಡೆಯ 800 ಶೇರಿಗೆ ಹಂಚಿದರೆ 14 ಪೈಸೆ. ಮೂರು ಟಿಕ್ ಕೂಡ ಇಲ್ಲ. ನಿನ್ನ ಸಿಸ್ಟಂನ ಬಗ್ಗೆ ನೀನು ನೆನಪಿಡಬೇಕಾದ ಅಂಕಿ ಇದೊಂದೇ.

- ಸರಾಸರಿಯನ್ನು ಕೆಡಿಸುವುದು ಸ್ಟಾಪ್‌ಲಾಸ್. ಶಾಂತವಾದ ಮಧ್ಯಾಹ್ನ ಒಂದು ಟಿಕ್ ನಿಜವೇ ಇರಬಹುದು. ಬೆಳಗ್ಗೆ 9:15ರ ನಂತರದ ಮೊದಲ ನಿಮಿಷಗಳಲ್ಲಿ ಬಿಡ್‌ಗೂ ಆಸ್ಕ್‌ಗೂ ಅಂತರ ಹೆಚ್ಚು. ಸ್ಟಾಪ್‌ಲಾಸ್ ಆರ್ಡರ್ ಏಳುವುದಂತೂ ಬೆಲೆ ನಿನ್ನ ವಿರುದ್ಧ ಓಡುತ್ತಿರುವಾಗಲೇ, ನಿನ್ನ ಜೊತೆ ಇನ್ನೆಷ್ಟೋ ಜನ ಅದೇ ಬಾಗಿಲಿಗೆ ನುಗ್ಗುತ್ತಿರುವಾಗಲೇ. ನಾಲ್ಕು ಆರ್ಡರ್‌ನಲ್ಲಿ ಮೂರು 5 ಪೈಸೆಗೆ ಮುಗಿದು, ಒಂದು ಸ್ಟಾಪ್‌ಲಾಸ್ ಮಾತ್ರ 45 ಪೈಸೆ ಜಾರಿದರೂ ಸರಾಸರಿ 15 ಪೈಸೆ ಆಯಿತು. ಅಲ್ಲಿಗೆ ನಿನ್ನ 14 ದಾಟಿತು.

- ಒಂದೇ ಲಾಭದ ಎರಡು ಸಿಸ್ಟಂಗಳನ್ನು ಪಕ್ಕಪಕ್ಕ ಇಡು. ಇನ್ನೊಂದು ಸಿಸ್ಟಂ ದಿನಕ್ಕೆ ಎರಡೇ ಟ್ರೇಡ್ ಮಾಡುತ್ತದೆ, ವರ್ಷಕ್ಕೆ 500. ಖರ್ಚಿಗೆ ಮುನ್ನ ಟ್ರೇಡಿಗೆ 380 ಗಳಿಸುತ್ತದೆ ಎನ್ನೋಣ. ನಿನ್ನ ಅಂದಾಜಿನ ಖರ್ಚಿನಲ್ಲಿ ಅದರ ಲಾಭ 1,11,000, ನಿನ್ನದಕ್ಕೆ ಹೆಚ್ಚುಕಡಿಮೆ ಸಮ. ಖರ್ಚು ದುಪ್ಪಟ್ಟಾದರೆ ಅದಕ್ಕೆ ಇನ್ನೂ 32,000 ಉಳಿಯುತ್ತದೆ, ನಿನ್ನದು 1,29,000 ಹಳ್ಳಕ್ಕೆ. ಟ್ರೇಡು ಹೆಚ್ಚಿದಷ್ಟೂ ಖರ್ಚಿನ ಅಂದಾಜಿನ ತಪ್ಪು ಅಷ್ಟೇ ಸಲ ಗುಣಿಸಿಕೊಳ್ಳುತ್ತದೆ. ಸೆಬಿಯ 2024ರ ಅಧ್ಯಯನವೂ ಈ ಕಡೆಗೇ ಕೈ ತೋರಿಸುತ್ತದೆ: 2022-23ರಲ್ಲಿ ನಗದು ವಿಭಾಗದಲ್ಲಿ ಇಂಟ್ರಾಡೇ ಮಾಡಿದ ಹತ್ತರಲ್ಲಿ ಏಳು ಮಂದಿಗೆ ನಷ್ಟ, ವರ್ಷಕ್ಕೆ 500ಕ್ಕೂ ಹೆಚ್ಚು ಟ್ರೇಡ್ ಮಾಡಿದವರಲ್ಲಿ 80% ಮಂದಿಗೆ ನಷ್ಟ. ನಷ್ಟವಾದವರು ಆ ನಷ್ಟದ ಮೇಲೆ ಅದರ 57%ರಷ್ಟನ್ನು ಖರ್ಚೆಂದು ಬೇರೆ ತೆತ್ತಿದ್ದರು.

- ಸೋತ ಮೇಲೆ ಸಂಖ್ಯೆ ತಿರುಚಬೇಡ. ದುಪ್ಪಟ್ಟು ಖರ್ಚಿನಲ್ಲಿ ನಷ್ಟ ಕಂಡ ಕೂಡಲೇ ಟಾರ್ಗೆಟ್ ಹಿಗ್ಗಿಸಿ, ಸಮಯ ಬದಲಿಸಿ, ಲಾಭ ಬರುವವರೆಗೂ ಓಡಿಸಿದರೆ ಆ ಹಳೆಯ ಡೇಟಾಗೆ ಹೊಲಿದ ಅಂಗಿ ಸಿಗುತ್ತದೆ, ಅಷ್ಟೇ. ಬದಲಾವಣೆ ಮಾಡುವುದಿದ್ದರೆ ಒಂದೇ ಮಾಡು: ಚಿಕ್ಕ ಚಲನೆಯ ಟ್ರೇಡುಗಳನ್ನು ಬಿಟ್ಟುಬಿಡು. ಅದು ಸರಿಯೇ ಎಂದು ನೋಡುವುದು ನೀನು ಈವರೆಗೆ ಮುಟ್ಟದ ವರ್ಷದ ಡೇಟಾದಲ್ಲಿ.

- ಈ ಪರೀಕ್ಷೆ ಹಿಡಿಯದ ತಪ್ಪುಗಳೂ ಇವೆ. ಕ್ಯಾಂಡಲ್ ಮುಗಿದಾಗ ಸಿಗ್ನಲ್ ಬಂದು, ಅದೇ ಮುಕ್ತಾಯದ ಬೆಲೆಗೆ ಕೊಂಡಂತೆ ಬರೆದಿದ್ದರೆ ಆ ಬೆಲೆ ನಿನಗೆ ಸಿಗುವುದಿಲ್ಲ. ಮುಂದಿನ ಕ್ಯಾಂಡಲ್‌ನ ಆರಂಭದ ಬೆಲೆ ಹಾಕು. ಬೆಲೆ ಮುಟ್ಟಿದ ತಕ್ಷಣ ಲಿಮಿಟ್ ಆರ್ಡರ್ ಆಯಿತು ಎಂದುಕೊಂಡಿದ್ದರೂ ಅಷ್ಟೇ. ಸರದಿಯಲ್ಲಿ ನಿನಗಿಂತ ಮುಂದೆ ಜನ ಇರುತ್ತಾರೆ. ಬೆಲೆ ಮುಟ್ಟಿ ತಿರುಗಿದ ಒಳ್ಳೆಯ ಟ್ರೇಡು ಅವರಿಗೆ, ನಿನ್ನ ಬೆಲೆ ದಾಟಿ ಕೆಳಗಿಳಿದದ್ದು ನಿನಗೆ. ಬೆಲೆ ಒಂದು ಟಿಕ್ ದಾಟಿದರೆ ಮಾತ್ರ ಆರ್ಡರ್ ಆಯಿತೆಂದು ಲೆಕ್ಕ ಹಿಡಿ. ಇವೆರಡನ್ನೂ ತಿದ್ದಿದ ಮೇಲೆಯೇ ಖರ್ಚಿನ ಮಾತು.

- ಕೊನೆಗೆ ಅಳೆದು ತೀರ್ಮಾನಿಸು. ಕೆಲವು ವಾರ ಸಣ್ಣ ಪ್ರಮಾಣದಲ್ಲಿ ಓಡಿಸು. ಪ್ರತಿ ಆರ್ಡರ್‌ಗೂ ಸಿಗ್ನಲ್ ಬಂದಾಗಿನ ಬೆಲೆ, ಟ್ರೇಡ್ ಬುಕ್‌ನಲ್ಲಿ ಸಿಕ್ಕ ಬೆಲೆ, ಸಮಯ, ಆರ್ಡರ್‌ನ ಬಗೆ ಬರೆದಿಡು. ಸ್ಟಾಪ್‌ಲಾಸ್‌ಗಳ ಸರಾಸರಿಯನ್ನು ಬೇರೆಯಾಗಿ ತೆಗೆ. ಹತ್ತು ಶೇರಿಗೆ ಸಿಕ್ಕ ಬೆಲೆ 400ಕ್ಕೂ ಸಿಗುತ್ತದೆ ಎಂದೇನಿಲ್ಲ, ಆದ್ದರಿಂದ ಪ್ರಮಾಣವನ್ನು ಹಂತಹಂತವಾಗಿ ಏರಿಸುತ್ತಾ ಅಳೆ. ಒಟ್ಟು ಸರಾಸರಿ 7 ಪೈಸೆಯೊಳಗೆ, ಅಂದರೆ 14ರ ಅರ್ಧದೊಳಗೆ ನಿಂತರೆ ಮುಂದಿನ ಹಂತಕ್ಕೆ ಹೋಗು. 10 ದಾಟಿದರೆ ದುಡ್ಡು ಹಾಕುವುದು ಬೇಡ, ಟ್ರೇಡು ಕಡಿಮೆ ಮಾಡಿಕೊಂಡು ಬಾ, ಆಮೇಲೆ ಮಾತಾಡೋಣ.